ಬೋಟು ನೀರಿಗಿಳಿಯುವ ಮೊದಲು ಎರಡು ಪುಟ: ಯೋಜನೆಯ ಆರಂಭದಲ್ಲಿ ತಂಡದ ಒಡಂಬಡಿಕೆ ಬರೆಯುವ ಕ್ರಮ

ಮಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಟೀಮ್ ಚಾರ್ಟರ್, ಅಂದರೆ ತಂಡದ ಒಡಂಬಡಿಕೆ, ಎಂಬ ಕಡತ ಅಪರೂಪವೇನೂ ಅಲ್ಲ. ತೆರೆದು ನೋಡಿದರೆ ‘ಪರಸ್ಪರ ಗೌರವ’, ‘ಮುಕ್ತ ಸಂವಹನ’, ‘ಸಮಯಪಾಲನೆ’ ಎಂಬ ಮಾತುಗಳಿರುತ್ತವೆ. ಕೆಳಗೆ ಎಲ್ಲರ ಹೆಸರು, ಆರಂಭದ ದಿನಾಂಕ. ಅಂಥ ಕಡತವನ್ನು ಹಿಡಿದು ಯಾರಾದರೂ ಒಂದು ವಾದವನ್ನು ಬಗೆಹರಿಸಿದ್ದನ್ನು ನಾನಂತೂ ಕಂಡಿಲ್ಲ. ಗೌರವ ಬೇಡ ಎಂದು ವಾದಿಸುವವರು ಯಾವ ತಂಡದಲ್ಲೂ ಇರುವುದಿಲ್ಲವಲ್ಲ. ಜಗಳ ಹುಟ್ಟುವುದು ಬೇರೆ ಕಡೆ. ದಿನಾಂಕ ಹತ್ತಿರ ಬಂತು, ಕೆಲಸ ಪೂರ್ತಿಯಾಗಿಲ್ಲ, ಈಗ ಯಾವುದನ್ನು ಬಿಡುವುದು? ಬಿಡುವುದೆಂದು ಹೇಳುವವರು ಯಾರು? ಅವರು ಊರಲ್ಲಿ ಇಲ್ಲದಿದ್ದರೆ?

ಆದ್ದರಿಂದ ಇಲ್ಲಿ ಹೇಳುವ ಕ್ರಮದಲ್ಲಿ ಒಡಂಬಡಿಕೆಯ ತೂಕವೆಲ್ಲ ತೀರ್ಮಾನದ ನಿಯಮಗಳ ಮೇಲಿದೆ. ಉದ್ದೇಶ ಮತ್ತು ಕೆಲಸದ ರೀತಿನೀತಿಗಳೂ ಬೇಕು. ಆದರೆ ಮುಂದೆ ಬರಲಿರುವ ಭಿನ್ನಾಭಿಪ್ರಾಯವನ್ನು ಕಣ್ಣೆದುರು ಇಟ್ಟುಕೊಂಡು ಬರೆದರೆ ಮಾತ್ರ ಅವು ಉಪಯೋಗಕ್ಕೆ ಬರುತ್ತವೆ.

ಯೋಜನೆಗೆ ಹಣ ಮತ್ತು ಅಧಿಕಾರ ಕೊಡುವ ಪತ್ರ ಬೇರೆ, ತಂಡದ ಒಡಂಬಡಿಕೆ ಬೇರೆ. ಮೊದಲನೆಯದಕ್ಕೆ ಹಣ ಹಾಕುವವರು ಸಹಿ ಹಾಕುತ್ತಾರೆ. ಎರಡನೆಯದನ್ನು ಕೆಲಸ ಮಾಡುವವರು ತಮ್ಮತಮ್ಮಲ್ಲಿ ಮಾಡಿಕೊಳ್ಳುತ್ತಾರೆ. ಮೊದಲನೆಯದು ಕೈಗೆ ಬಾರದೆ ಎರಡನೆಯದಕ್ಕೆ ಕೂರಬೇಡಿ, ಕುಳಿತರೆ ಇಡೀ ಸಭೆ ಬಜೆಟ್ಟಿನ ಚರ್ಚೆಯಲ್ಲೇ ಮುಗಿಯುತ್ತದೆ.

ಉದಾಹರಣೆಗೆ ಒಂದು ತಂಡ

ಕಲ್ಪಿತವಾದರೂ ಕರಾವಳಿಯಲ್ಲಿ ಯಾರೂ ಗುರುತಿಸಬಹುದಾದ ಒಂದು ಸನ್ನಿವೇಶವನ್ನು ಇಟ್ಟುಕೊಳ್ಳೋಣ. ಮಲ್ಪೆ ಬಂದರಿನಲ್ಲಿ ಮೀನುಗಾರರ ಒಂದು ಸಹಕಾರಿ ಸಂಘ. ಬೋಟುಗಳಿಗೆ ಐಸ್ ಮತ್ತು ಡೀಸೆಲನ್ನು ಉದ್ರಿಯಲ್ಲಿ ಕೊಡುತ್ತದೆ, ಮೀನು ಮಾರಾಟವಾದ ಮೇಲೆ ಬಾಕಿ ವಸೂಲಾಗುತ್ತದೆ. ಈ ಉದ್ರಿಯ ಲೆಕ್ಕವೆಲ್ಲ ಇದುವರೆಗೆ ಪುಸ್ತಕದಲ್ಲಿದೆ. ಅದನ್ನು ಮೊಬೈಲ್ ಆ್ಯಪ್‌ಗೆ ತರಬೇಕು.

ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಮೀನುಗಾರಿಕೆ ನಿಷೇಧ. ಬೋಟುಗಳು ದಡ ಸೇರಿರುವ ಈ ಅವಧಿಯಲ್ಲೇ ಕೆಲಸ ಮುಗಿಯಬೇಕು, ಆಗಸ್ಟ್ 1ಕ್ಕೆ ಕೌಂಟರ್ ತೆರೆದುಕೊಳ್ಳಬೇಕು. ಆರಂಭದ ಸಭೆಗೂ ಜೂನ್ ಮೊದಲ ವಾರವೇ ಸೂಕ್ತ. ಮೇ ತಿಂಗಳಲ್ಲಿ ಕರೆದರೆ ಬಂದರಿನವರಿಗೆ ಪುರುಸೊತ್ತಿರುವುದಿಲ್ಲ.

ತಂಡದಲ್ಲಿ ಒಂಬತ್ತು ಮಂದಿ. ಮಲ್ಪೆಯ ಕಡೆಯಿಂದ ಸಂಘದ ಕಾರ್ಯದರ್ಶಿ, ಲೆಕ್ಕಿಗರು, ಐಸ್ ಕೌಂಟರಿನ ಗುಮಾಸ್ತರು, ಡೀಸೆಲ್ ಬಂಕಿನ ಗುಮಾಸ್ತೆ ಮತ್ತು ಬೋಟ್ ಮಾಲೀಕರ ಪ್ರತಿನಿಧಿ. ಮಂಗಳೂರಿನಿಂದ ತಂಡದ ಮುಖ್ಯಸ್ಥೆ, ಇಬ್ಬರು ಡೆವಲಪರ್‌ಗಳು, ಒಬ್ಬ ಟೆಸ್ಟರ್. ಡೆವಲಪರ್‌ಗಳಲ್ಲಿ ಒಬ್ಬಾಕೆ ಧಾರವಾಡದವರು, ತುಳು ಬಾರದು. ಇದು ಸಣ್ಣ ವಿವರವಲ್ಲ, ಮುಂದೆ ಕೆಲಸಕ್ಕೆ ಬರುತ್ತದೆ.

ಹಂತ 1: ಸಭೆಗೆ ಮುನ್ನ ಒಬ್ಬೊಬ್ಬರನ್ನೇ ಕೇಳಿ

ಎಲ್ಲರನ್ನೂ ಒಟ್ಟಿಗೆ ಕೂರಿಸಿ ‘ನಿಮ್ಮ ನಿರೀಕ್ಷೆ ಏನು?’ ಎಂದು ಕೇಳಿದರೆ ಸಿಗುವುದು ಒಳ್ಳೆಯ ಮಾತುಗಳು ಮಾತ್ರ. ಕಾರ್ಯದರ್ಶಿಯ ಎದುರು ಗುಮಾಸ್ತರು ತಮ್ಮ ಅಳುಕನ್ನು ಹೇಳುವುದಿಲ್ಲ. ಆದ್ದರಿಂದ ಸಭೆಗೆ ಎರಡು ಮೂರು ದಿನ ಮೊದಲು ಮುಖ್ಯಸ್ಥೆ ಪ್ರತಿಯೊಬ್ಬರ ಜೊತೆ ಒಂದು ಕಾಲು ಗಂಟೆ ಮಾತನಾಡಬೇಕು. ಫೋನಿನಲ್ಲಾದರೂ ಸರಿ. ಮೂರು ಪ್ರಶ್ನೆ ಸಾಕು: ಈ ಕೆಲಸ ಆಗಸ್ಟ್‌ನಲ್ಲಿ ಕೈಕೊಟ್ಟರೆ ಯಾವ ಕಾರಣಕ್ಕೆ ಕೊಟ್ಟೀತು? ನಿಮ್ಮನ್ನು ಕೇಳದೆ ಯಾವ ವಿಷಯ ತೀರ್ಮಾನವಾಗಬಾರದು? ಹಿಂದೆ ಇಂಥ ಕೆಲಸದಲ್ಲಿ ನಿಮಗೆ ಕಿರಿಕಿರಿ ಮಾಡಿದ್ದು ಯಾವುದು?

ನಮ್ಮ ತಂಡದಲ್ಲಿ ಉತ್ತರಗಳು ಹೀಗೆ ಬರುತ್ತವೆ ಎಂದುಕೊಳ್ಳೋಣ. ಐಸ್ ಗುಮಾಸ್ತರು ಹೇಳುತ್ತಾರೆ: “ಬೆಳಗಿನ ಜಾವ ಐಸ್‌ಗೆ ಸಾಲು ಇರುತ್ತದೆ. ಆಗ ಆ್ಯಪ್ ನಿಂತುಹೋದರೆ ಮಂಗಳೂರಿನಲ್ಲಿ ಫೋನ್ ಎತ್ತುವವರು ಯಾರು?” ಲೆಕ್ಕಿಗರದು ಒಂದೇ ಮಾತು: “ಹಳೆಯ ಬಾಕಿಯ ಒಂದು ಅಂಕಿಯೂ ನನ್ನ ಸಹಿ ಇಲ್ಲದೆ ಬದಲಾಗಬಾರದು.” ಡೆವಲಪರ್ ಪ್ರತಿ ವಾರ ಬರುವ ಹೊಸ ಬೇಡಿಕೆಗೆ ಹೆದರುತ್ತಾರೆ. ಮಾಲೀಕರ ಪ್ರತಿನಿಧಿ ಬೋಟು ಇಳಿದ ಮೇಲೆ ತಮ್ಮನ್ನು ಸಭೆಗೆ ಕರೆಯಬೇಡಿ ಎನ್ನುತ್ತಾರೆ.

ನಾಲ್ಕು ಉತ್ತರಗಳಲ್ಲಿ ನಾಲ್ಕು ಕಲಮುಗಳು ಆಗಲೇ ಸಿಕ್ಕಿದವು. ಎರಡನೆಯ ಪ್ರಶ್ನೆಯ ಉತ್ತರಗಳನ್ನು ಬೇರೆ ಹಾಳೆಯಲ್ಲಿ ಬರೆದಿಡಿ, ನಾಲ್ಕನೆಯ ಹಂತಕ್ಕೆ ಅದೇ ಬಂಡವಾಳ.

ಇದೇ ಹೊತ್ತಿಗೆ ಕಾರ್ಯದರ್ಶಿಯಿಂದ ಇನ್ನೊಂದು ಪಟ್ಟಿ ಪಡೆಯಬೇಕು: ತಂಡದ ಚರ್ಚೆಗೆ ಬಾರದ ವಿಷಯಗಳು. ಬಜೆಟ್, ಸಂಘ ಈಗಾಗಲೇ ಬಳಸುವ ಲೆಕ್ಕದ ತಂತ್ರಾಂಶ, ಈ ಎರಡು ಬದಲಾಗುವುದಿಲ್ಲ ಎಂದಾದರೆ ಹಾಳೆಯ ತಲೆಗೇ ಬರೆದುಬಿಡಿ. ಮೊದಲೇ ನಿಶ್ಚಯವಾದದ್ದನ್ನು ಚರ್ಚೆಗಿಟ್ಟಂತೆ ನಟಿಸಿದರೆ ಜನ ಆಮೇಲೆ ನಿಜವಾದ ಚರ್ಚೆಯನ್ನೂ ನಂಬುವುದಿಲ್ಲ.

ಸಭೆ ಮಂಗಳೂರಿನ ಹವಾನಿಯಂತ್ರಿತ ಕೋಣೆಯಲ್ಲಿ ಬೇಡ, ಮಲ್ಪೆಯ ಸಂಘದ ಕಚೇರಿಯಲ್ಲೇ ಆಗಲಿ. ಗುಮಾಸ್ತರು ತಮ್ಮ ಜಾಗದಲ್ಲಿ ಹೆಚ್ಚು ಬಾಯಿ ಬಿಡುತ್ತಾರೆ, ಡೆವಲಪರ್‌ಗಳಿಗೆ ಕೌಂಟರ್ ಎಷ್ಟು ಇಕ್ಕಟ್ಟಾಗಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ಚಹಾ ಬಿಡುವು ಸೇರಿ ಮೂರು ಗಂಟೆ ಸಾಕು.

ಹಂತ 2: ಉದ್ದೇಶ, ಅದರ ಜೊತೆ ಆದ್ಯತೆಯ ಸಾಲು

‘ಡಿಜಿಟಲ್ ವ್ಯವಸ್ಥೆಯ ಮೂಲಕ ಸದಸ್ಯರಿಗೆ ಉತ್ತಮ ಸೇವೆ’ ಎಂಬ ವಾಕ್ಯವನ್ನು ಯಾರೂ ವಿರೋಧಿಸುವುದಿಲ್ಲ, ಅದೇ ಅದರ ದೋಷ. ಉದ್ದೇಶದ ವಾಕ್ಯದಲ್ಲಿ ಯಾರಿಗೆ, ಏನು ಬದಲಾಗಬೇಕು, ಯಾವಾಗ ಎಂಬುದು ಕಾಣಬೇಕು. ಯಾವುದು ಈ ಕೆಲಸದ ಒಳಗಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ತಂಡದ ವಾಕ್ಯ ಹೀಗಿರಬಹುದು:

“ಆಗಸ್ಟ್ 1ರಿಂದ, ಐಸ್ ಅಥವಾ ಡೀಸೆಲ್ ಪಡೆದ ಬೋಟಿನ ಮಾಲೀಕರು ತಮ್ಮ ಬಾಕಿಯನ್ನು ಅದೇ ದಿನ ಮೊಬೈಲಿನಲ್ಲಿ ನೋಡುವಂತಾಗಬೇಕು. ಗುಮಾಸ್ತರು ಒಂದೇ ಲೆಕ್ಕವನ್ನು ಎರಡು ಕಡೆ ಬರೆಯುವುದು ತಪ್ಪಬೇಕು. ಮೀನಿನ ಹರಾಜು ಮತ್ತು ಕಾರ್ಮಿಕರ ಪಾಲಿನ ಲೆಕ್ಕ ಈ ಯೋಜನೆಯಲ್ಲಿ ಇಲ್ಲ.”

ಕೊನೆಯ ವಾಕ್ಯವನ್ನು ಬರೆಯುವಾಗ ಕೋಣೆಯಲ್ಲಿ ಗದ್ದಲವಾದರೆ ಸಂತೋಷಪಡಿ. ಹರಾಜಿನ ಲೆಕ್ಕವೂ ಬರುತ್ತದೆಂದು ಮಾಲೀಕರ ಪ್ರತಿನಿಧಿ ಮನಸ್ಸಿನಲ್ಲೇ ನಂಬಿಕೊಂಡಿದ್ದರೆ ಅದು ಜೂನ್‌ನಲ್ಲೇ ಹೊರಬಂತು.

ಇದರ ಕೆಳಗೆ ಒಂದು ಸಾಲು ಸೇರಿಸಬೇಕು. ಎರಡು ಒಳ್ಳೆಯ ವಿಷಯಗಳು ಒಂದಕ್ಕೊಂದು ಅಡ್ಡ ಬಂದಾಗ ಯಾವುದು ಗೆಲ್ಲುತ್ತದೆ ಎಂಬ ಸಾಲು. ನಮ್ಮ ತಂಡದಲ್ಲಿ: ಮೊದಲು ಲೆಕ್ಕದ ನಿಖರತೆ, ನಂತರ ದಿನಾಂಕ, ನಂತರ ಕೌಂಟರಿನ ವೇಗ, ಕೊನೆಗೆ ಹೆಚ್ಚುವರಿ ಸೌಲಭ್ಯಗಳು. ನಾಲ್ಕು ಚೀಟಿಗಳಲ್ಲಿ ನಾಲ್ಕನ್ನು ಬರೆದು ಮೇಜಿನ ಮೇಲಿಟ್ಟು, ಪ್ರತಿಯೊಬ್ಬರೂ ತಮ್ಮ ಕ್ರಮವನ್ನು ಮೊದಲು ತಮ್ಮ ಕಾಗದದಲ್ಲಿ ಬರೆದುಕೊಂಡ ಮೇಲೆಯೇ ಚರ್ಚೆ ಆರಂಭಿಸಿ. ಕಾರ್ಯದರ್ಶಿ ದಿನಾಂಕವನ್ನು ಮೊದಲಿಟ್ಟು, ಲೆಕ್ಕಿಗರು ನಿಖರತೆಯನ್ನು ಮೊದಲಿಟ್ಟಿದ್ದರೆ ಆ ಅರ್ಧ ಗಂಟೆಯ ವಾದವನ್ನು ತಡೆಯಬೇಡಿ. ಜುಲೈ ಕೊನೆಯ ವಾರ ರಾತ್ರಿ ಹತ್ತು ಗಂಟೆಗೆ ಫೋನಿನಲ್ಲಿ ನಡೆಯಬೇಕಿದ್ದ ವಾದ ಅದು.

‘ಎರಡೂ ಅಷ್ಟೇ ಮುಖ್ಯ’ ಎಂಬ ರಾಜಿಗೆ ಒಪ್ಪಬಾರದು. ಒಪ್ಪಿದರೆ ಸಾಲು ಬರೆದೂ ಪ್ರಯೋಜನವಿಲ್ಲ.

ಹಂತ 3: ಕೆಲಸದ ರೀತಿನೀತಿ

ಇಲ್ಲಿ ಹೆಚ್ಚು ಹೊತ್ತು ಕಳೆಯುವ ಅಗತ್ಯವಿಲ್ಲ. ಏಳೆಂಟು ಸಾಲು ಮೀರಬಾರದು, ಮೀರಿದರೆ ಯಾರಿಗೂ ನೆನಪಿರುವುದಿಲ್ಲ. ಒಂದು ಸಾಲು ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಸುಲಭದ ಉಪಾಯವಿದೆ: ಅದನ್ನು ಯಾರಾದರೂ ಪಾಲಿಸಲಿಲ್ಲ ಎಂದು ಹೊರಗಿನವನೊಬ್ಬ ನೋಡಿ ಹೇಳಬಲ್ಲನೇ? ‘ಬೇಗ ಉತ್ತರಿಸಬೇಕು’ ಎಂಬುದನ್ನು ಹೇಳಲಾಗದು. ‘ಮಧ್ಯಾಹ್ನ ಮೂರರ ಒಳಗೆ ಬಂದ ಪ್ರಶ್ನೆಗೆ ಅಂದೇ ಸಂಜೆ ಆರರೊಳಗೆ ಉತ್ತರ’ ಎಂಬುದನ್ನು ಹೇಳಬಹುದು.

ಪ್ರತಿ ತಂಡದಲ್ಲೂ ಒಂದೆರಡು ಜಾಗ ಒತ್ತಿಕೊಳ್ಳುತ್ತದೆ. ನಮ್ಮ ತಂಡದಲ್ಲಿ ಅದು ಹೊತ್ತು. ಬಂದರಿನವರ ದಿನ ನಸುಕಿನಲ್ಲೇ ಆರಂಭವಾಗಿ ಮಧ್ಯಾಹ್ನಕ್ಕೆ ಇಳಿಯುತ್ತದೆ, ಡೆವಲಪರ್‌ಗಳು ಹತ್ತಕ್ಕೆ ಬಂದು ಸಂಜೆ ಕಾವೇರುತ್ತಾರೆ. ಇಬ್ಬರೂ ಎಚ್ಚರವಾಗಿರುವ ಸಮಾನ ಹೊತ್ತನ್ನು ಹುಡುಕಿ, ಉದಾಹರಣೆಗೆ ಬೆಳಿಗ್ಗೆ 11ರಿಂದ 1, ಸಭೆ ಮತ್ತು ಕರೆಗಳನ್ನು ಅಲ್ಲಿಗೇ ಕಟ್ಟಬೇಕು. ಆಗಸ್ಟ್‌ನ ಮೊದಲ ಎರಡು ವಾರ ಮಾತ್ರ ಬೆಳಗಿನ ಜಾವ ಒಬ್ಬ ಡೆವಲಪರ್ ಸರದಿಯಲ್ಲಿ ಫೋನಿನ ಬಳಿ ಇರಬೇಕು. ಆ ದಿನ ಅವರಿಗೆ ಮಧ್ಯಾಹ್ನದ ನಂತರ ಬಿಡುವು. ಐಸ್ ಗುಮಾಸ್ತರ ಪ್ರಶ್ನೆಗೆ ಉತ್ತರ ಹೀಗೆ ಒಡಂಬಡಿಕೆಯ ಒಳಗೇ ಸಿಕ್ಕಿತು.

ಇನ್ನೊಂದು ಭಾಷೆ. ಮಲ್ಪೆಯಲ್ಲಿ ಮಾತು ಬಿಸಿಯಾದ ತಕ್ಷಣ ತುಳುವಿಗೆ ಹೊರಳುತ್ತದೆ. ಅದನ್ನು ನಿಷೇಧಿಸಲು ಹೋದರೆ ನಗೆಪಾಟಲು, ನಿಷೇಧಿಸಲೂಬಾರದು. ಧಾರವಾಡದ ಡೆವಲಪರ್ ಮುಖ ನೋಡುತ್ತ ಕೂರುವುದೂ ಸರಿಯಲ್ಲ. ನಿಯಮ ಇಷ್ಟೇ: ಚರ್ಚೆ ಯಾವ ಭಾಷೆಯಲ್ಲಾದರೂ ನಡೆಯಲಿ, ತೀರ್ಮಾನವನ್ನು ಕನ್ನಡದಲ್ಲಿ ಒಮ್ಮೆ ಹೇಳಿ ಬರೆದುಕೊಂಡ ಮೇಲೆಯೇ ಮುಂದಿನ ವಿಷಯ.

ಉಳಿದವು ಸರಳ. ತುರ್ತು ವಿಷಯಕ್ಕೆ ವಾಟ್ಸ್‌ಆ್ಯಪ್ ಗುಂಪು, ಆದರೆ ಗುಂಪಿನಲ್ಲಿ ಹೇಳಿದ್ದು ತೀರ್ಮಾನವೆನಿಸದು. ಕೆಂಪು ಅಥವಾ ಕಿತ್ತಳೆ ಮಳೆ ಎಚ್ಚರಿಕೆ ಇರುವ ದಿನ ಮಂಗಳೂರಿನಿಂದ ಯಾರೂ ಹೊರಡಬೇಕಾಗಿಲ್ಲ, ಸಭೆ ಫೋನಿನಲ್ಲಿ. ರಜೆಗಳನ್ನು ಮೊದಲ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು. ತುಳುವರ ಆಟಿ ತಿಂಗಳಲ್ಲಿ ಮದುವೆ ಮುಂಜಿ ಕಡಿಮೆ ಎಂದು ಸಮಾಧಾನ ಬೇಡ, ನಾಗರ ಪಂಚಮಿ ಕೆಲವು ವರ್ಷ ಜುಲೈ ಕೊನೆಗೇ ಬರುತ್ತದೆ, ಅಂದು ಕುಟುಂಬದ ನಾಗನ ಮೂಲಸ್ಥಾನಕ್ಕೆ ಹೋಗದೆ ಇರುವ ಮನೆಗಳು ಇಲ್ಲಿ ಕಡಿಮೆ.

ಯಾರಾದರೂ ನಿಯಮ ಮುರಿದರೆ ಮೊದಲು ಏನಾಗಬೇಕೆಂದೂ ಒಂದು ಸಾಲು ಇರಲಿ. ‘ನೋಡಿದವರು ಅದೇ ದಿನ ನೇರವಾಗಿ ಅವರಿಗೇ ಹೇಳಬೇಕು, ಎರಡನೆಯ ಸಲವಾದರೆ ಮುಖ್ಯಸ್ಥೆಗೆ.’ ದಂಡ, ಶಿಕ್ಷೆ ಏನೂ ಬೇಡ.

ಹಂತ 4: ತೀರ್ಮಾನದ ನಿಯಮ

ಈ ಹಂತಕ್ಕೆ ಸಭೆಯ ಅರ್ಧದಷ್ಟು ಹೊತ್ತನ್ನು ಮೀಸಲಿಡಿ. ಮೊದಲಿಗೆ, ಎಂಟು ವಾರಗಳಲ್ಲಿ ಬರಲಿರುವ ತೀರ್ಮಾನಗಳ ಪಟ್ಟಿ ಮಾಡಿ. ಪ್ರತಿಯೊಬ್ಬರೂ ಮೂರು ಚೀಟಿ ಬರೆಯಲಿ. ಇಪ್ಪತ್ತೇಳು ಚೀಟಿಗಳಲ್ಲಿ ಅರ್ಧದಷ್ಟು ಒಂದೇ ಆಗಿರುತ್ತವೆ: ಪರದೆಯಲ್ಲಿ ಯಾವ ಬಟನ್ ಎಲ್ಲಿ, ಹಳೆಯ ಬಾಕಿಯನ್ನು ಹೇಗೆ ತರುವುದು, ಹೊಸ ಬೇಡಿಕೆಯನ್ನು ಸೇರಿಸಬೇಕೇ, ಯಾವಾಗ ಚಾಲನೆ, ಯಾರ ಉದ್ರಿ ಮಿತಿ ಎಷ್ಟು.

ಪ್ರತಿ ಚೀಟಿಗೂ ಎರಡು ಪ್ರಶ್ನೆ ಕೇಳಿ. ಈ ತೀರ್ಮಾನ ತಪ್ಪಾದರೆ ಒಂದೇ ದಿನದಲ್ಲಿ ಸರಿಪಡಿಸಬಹುದೇ? ತಪ್ಪಾದರೆ ಪೆಟ್ಟು ಯಾರಿಗೆ? ಸರಿಪಡಿಸಬಹುದಾದದ್ದು, ಪೆಟ್ಟು ಕೆಲಸ ಮಾಡಿದವರಿಗೇ ಎಂದಾದರೆ, ಮಾಡುವವರೇ ತೀರ್ಮಾನಿಸಲಿ. ಬಟನ್ ಎಲ್ಲಿರಬೇಕೆಂದು ಒಂಬತ್ತು ಮಂದಿ ಕೂತು ಚರ್ಚಿಸುವುದು ಸಮಯದ ಹಾನಿ. ಡೆವಲಪರ್ ಗುಮಾಸ್ತರನ್ನು ಕೇಳಿ ಮುಗಿಸಲಿ. ಸರಿಪಡಿಸಲು ಕಷ್ಟವಾದದ್ದು, ಪೆಟ್ಟು ಹೊರಗಿನವರಿಗೆ ಎಂದಾದರೆ ನಿಯಮ ಬಿಗಿಯಾಗಬೇಕು. ಬೋಟ್ ಮಾಲೀಕರ ಬಾಕಿ ತಪ್ಪಾಗಿ ಕಾಣಿಸಿದರೆ ಆ ಅಪನಂಬಿಕೆ ಒಂದು ದಿನದಲ್ಲಿ ಹೋಗುವುದಿಲ್ಲ.

ಬಿಗಿಯಾದ ತೀರ್ಮಾನಗಳಿಗೆ ಐದು ವಿಷಯ ಬರೆದಿರಬೇಕು: ತೀರ್ಮಾನಿಸುವ ಒಬ್ಬರು, ಮೊದಲು ಕೇಳಬೇಕಾದವರು, ಗಡುವು, ತೀರ್ಮಾನಿಸುವವರು ಸಿಗದಿದ್ದರೆ ಅವರ ಬದಲಿಗೆ ಯಾರು, ಮತ್ತು ಗಡುವು ಮೀರಿದರೆ ತಾನಾಗಿ ಜಾರಿಯಾಗುವುದು ಯಾವುದು. ಚಾಲನೆಯ ಕಲಮು ಹೀಗಿರುತ್ತದೆ:

“ಯಾವ ಕೌಂಟರ್ ಯಾವಾಗ ಆ್ಯಪ್‌ಗೆ ಬದಲಾಗಬೇಕು ಎಂಬುದನ್ನು ಕಾರ್ಯದರ್ಶಿ ತೀರ್ಮಾನಿಸುತ್ತಾರೆ. ಲೆಕ್ಕಿಗರು, ಮುಖ್ಯಸ್ಥೆ ಮತ್ತು ಆ ಕೌಂಟರಿನ ಗುಮಾಸ್ತರನ್ನು ಕೇಳಿದ ಮೇಲೆಯೇ. ಪ್ರಶ್ನೆ ಬಂದ 24 ಗಂಟೆಯ ಒಳಗೆ. ಕಾರ್ಯದರ್ಶಿ ಸಿಗದಿದ್ದರೆ ಲೆಕ್ಕಿಗರು. ಗಡುವು ಮೀರಿದರೆ ಆ ಕೌಂಟರ್ ಪುಸ್ತಕದಲ್ಲೇ ಮುಂದುವರಿಯುತ್ತದೆ.”

ಕೊನೆಯ ವಾಕ್ಯಕ್ಕೆ ಎಲ್ಲಕ್ಕಿಂತ ಹೆಚ್ಚು ಗಮನ ಕೊಡಿ. ತೀರ್ಮಾನ ಆಗದೇ ಇರುವುದೂ ಒಂದು ತೀರ್ಮಾನವಾಗಿ ಜಾರಿಯಾಗುತ್ತದೆ, ಅದು ಯಾವುದೆಂದು ಮೊದಲೇ ಆಯ್ದುಕೊಂಡರೆ ಯಾರೂ ಕಾಲ ತಳ್ಳಿ ಗೆಲ್ಲಲಾರರು. ಅಪಾಯ ಕಡಿಮೆಯಿರುವುದನ್ನೇ ಆಯ್ದುಕೊಳ್ಳಬೇಕು.

ಎಲ್ಲರೂ ಒಪ್ಪಿದ ಮೇಲೆಯೇ ಮುಂದೆ ಎಂಬ ನಿಯಮ ಕೇಳಲು ಚೆನ್ನ. ಒಂಬತ್ತು ಮಂದಿಯ ತಂಡದಲ್ಲಿ ಅದು ಎಲ್ಲದಕ್ಕೂ ನಡೆಯುವುದಿಲ್ಲ. ಬಹುಮತವೂ ಅಷ್ಟೇ: ಐದು ಮತಗಳು ಲೆಕ್ಕಿಗರ ಅಂಕಿಯನ್ನು ಬದಲಾಯಿಸಲಾರವು. ಇಡೀ ತಂಡಕ್ಕೆ ಸೇರಿದ ವಿಷಯಗಳಿಗೆ, ಉದಾಹರಣೆಗೆ ಕೆಲಸದ ಹೊತ್ತು ಅಥವಾ ಒಡಂಬಡಿಕೆಯ ತಿದ್ದುಪಡಿಗೆ, ಆಕ್ಷೇಪವಿಲ್ಲದಿದ್ದರೆ ಮುಂದೆ ಎಂಬ ನಿಯಮ ಸಾಕು. ‘ನನಗೆ ಇದಕ್ಕಿಂತ ಒಳ್ಳೆಯದು ಗೊತ್ತು’ ಎಂಬುದು ಆಕ್ಷೇಪವಲ್ಲ. ‘ಇದರಿಂದ ಇಂಥ ಹಾನಿಯಾಗುತ್ತದೆ’ ಎಂಬುದು ಆಕ್ಷೇಪ.

ತಡೆಯುವ ಹಕ್ಕನ್ನು ಯಾರಿಗಾದರೂ ಕೊಡುವುದಾದರೆ ಅದರ ಗಡಿ ಬರೆಯಿರಿ. ಇಲ್ಲಿ ಲೆಕ್ಕಿಗರಿಗೆ ಅಂಕಿಗಳ ವಿಷಯದಲ್ಲಿ ಮಾತ್ರ ತಡೆಯುವ ಹಕ್ಕಿದೆ. ಪರದೆಯ ಬಣ್ಣದ ವಿಷಯದಲ್ಲಿ ಅವರೂ ಎಲ್ಲರಂತೆ.

ಮೌನದ ಬಗ್ಗೆ ಒಂದು ನಿಯಮ ಇರಲೇಬೇಕು. ಅಮೆರಿಕದ ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕ ಜೆರ್ರಿ ಹಾರ್ವೆ 1974ರಲ್ಲಿ ಒಂದು ಕುಟುಂಬದ ಪ್ರಯಾಣವನ್ನು ಉದಾಹರಣೆಯಾಗಿ ಬರೆದರು. ಸೆಕೆಯಲ್ಲಿ ದೂರದ ಊರಿಗೆ ಊಟಕ್ಕೆ ಹೋಗಿ ಬಂದ ಮೇಲೆ ತಿಳಿದದ್ದು, ನಾಲ್ವರಲ್ಲಿ ಯಾರಿಗೂ ಹೋಗುವ ಮನಸ್ಸೇ ಇರಲಿಲ್ಲ, ಉಳಿದವರಿಗೆ ಬೇಕೆಂದು ಪ್ರತಿಯೊಬ್ಬರೂ ಸುಮ್ಮನಿದ್ದರು. ನಮ್ಮಲ್ಲಿ ಇದಕ್ಕೆ ಹಿರಿತನದ ಮರ್ಯಾದೆಯೂ ಸೇರುತ್ತದೆ. ಕಾರ್ಯದರ್ಶಿ “ಆಗಬಹುದಲ್ಲ?” ಎಂದರೆ ಗುಮಾಸ್ತೆ “ಆಗಬಹುದು ಸರ್, ನೋಡುವ” ಎನ್ನುತ್ತಾರೆ. ಅದನ್ನು ಒಪ್ಪಿಗೆಯೆಂದು ಬರೆದುಕೊಂಡರೆ ಆಗಸ್ಟ್‌ನಲ್ಲಿ ಕಷ್ಟ.

ಇದಕ್ಕೆ ಬೆರಳಿನ ಮತ ಒಳ್ಳೆಯ ಉಪಾಯ. ಪ್ರಸ್ತಾಪವನ್ನು ಓದಿದ ಮೇಲೆ ಎಲ್ಲರೂ ಒಂದೇ ಕ್ಷಣದಲ್ಲಿ ಒಂದರಿಂದ ಐದು ಬೆರಳು ಎತ್ತಬೇಕು. ಐದೆಂದರೆ ಪೂರ್ತಿ ಬೆಂಬಲ, ಮೂರೆಂದರೆ ತಕರಾರಿಲ್ಲ, ಎರಡು ಅಥವಾ ಒಂದೆಂದರೆ ಹೇಳಬೇಕಾದ ಮಾತಿದೆ. ಕಡಿಮೆ ಬೆರಳು ಎತ್ತಿದವರು ಮೊದಲು ಮಾತನಾಡುತ್ತಾರೆ, ಕಾರ್ಯದರ್ಶಿ ಎಲ್ಲರಿಗಿಂತ ಕೊನೆಗೆ. ಒಟ್ಟಿಗೆ ಎತ್ತುವುದು ಮುಖ್ಯ. ಒಬ್ಬರನ್ನು ನೋಡಿ ಇನ್ನೊಬ್ಬರು ಎತ್ತಿದರೆ ಎಲ್ಲರದೂ ನಾಲ್ಕೇ ಆಗುತ್ತದೆ. ಬೆರಳಿನ ಮತ ಅಭಿಪ್ರಾಯ ಹೊರತರುವ ದಾರಿ ಮಾತ್ರ, ತೀರ್ಮಾನಿಸುವ ಹಕ್ಕು ಕಲಮಿನಲ್ಲಿ ಹೆಸರಿಸಿದವರದೇ.

ತೀರ್ಮಾನವಾದದ್ದನ್ನು ಮತ್ತೆ ತೆರೆಯುವುದು ಯಾವಾಗ? ಹೊಸ ಮಾಹಿತಿ ಬಂದಾಗ ಮಾತ್ರ, ಆ ಮಾಹಿತಿಯನ್ನು ಬರೆದು ತೋರಿಸಿದಾಗ ಮಾತ್ರ. ಇದಿಲ್ಲದಿದ್ದರೆ ಸಭೆಯಲ್ಲಿ ಸೋತ ವಾದ ಸಂಜೆ ಹೋಟೆಲಿನ ಚಹಾದ ಜೊತೆ ಮತ್ತೆ ಗೆಲ್ಲುತ್ತದೆ.

ಹಂತ 5: ಕರಡನ್ನು ಒಂದು ಪ್ರಸಂಗದಲ್ಲಿ ಓಡಿಸಿ ನೋಡಿ

ಸಹಿಗೆ ಮೊದಲು, ಅದೇ ಸಭೆಯ ಕೊನೆಯ ಅರ್ಧ ಗಂಟೆಯಲ್ಲಿ, ಒಂದು ಕಲ್ಪಿತ ಬಿಕ್ಕಟ್ಟನ್ನು ಓದಿ. ನಮ್ಮ ತಂಡಕ್ಕೆ ಇದು ಸರಿಯಾಗಿ ಹೊಂದುತ್ತದೆ:

ಜುಲೈ 24. ಹಳೆಯ ಬಾಕಿಯನ್ನು ಆ್ಯಪ್‌ಗೆ ತಂದ ಮೇಲೆ ಟೆಸ್ಟರ್ ತಾಳೆ ನೋಡುತ್ತಾರೆ. ಹನ್ನೊಂದು ಬೋಟುಗಳ ಡೀಸೆಲ್ ಬಾಕಿ ಪುಸ್ತಕಕ್ಕೆ ಹೊಂದುವುದಿಲ್ಲ. ಐಸ್ ಲೆಕ್ಕ ಸರಿಯಿದೆ. ಡೆವಲಪರ್ ಹೇಳುತ್ತಾರೆ, ಹನ್ನೊಂದೇ ಅಲ್ಲವೇ, ಕೈಯಲ್ಲೇ ತಿದ್ದಿಬಿಡೋಣ. ಲೆಕ್ಕಿಗರು ಬೇಡ ಎನ್ನುತ್ತಾರೆ. ಮಾಲೀಕರ ಪ್ರತಿನಿಧಿ, ಎಲ್ಲರಿಗೂ ಆಗಸ್ಟ್ 1 ಎಂದು ಹೇಳಿ ಆಗಿದೆ, ಈಗ ಹಿಂದೆ ಸರಿದರೆ ತನ್ನ ಮುಖ ಉಳಿಯುವುದಿಲ್ಲ ಎನ್ನುತ್ತಾರೆ. ಕಾರ್ಯದರ್ಶಿ ಬೆಂಗಳೂರಿನಲ್ಲಿದ್ದಾರೆ, ಫೋನ್ ಸಿಗುತ್ತಿಲ್ಲ.

ಈಗ ಒಡಂಬಡಿಕೆಯನ್ನಷ್ಟೇ ಓದಿ ಉತ್ತರ ಹುಡುಕಬೇಕು. ಕೈಯಲ್ಲಿ ತಿದ್ದುವ ಪ್ರಸ್ತಾಪ ಅಂಕಿಗೆ ಸೇರಿದ್ದು, ಲೆಕ್ಕಿಗರ ತಡೆ ಅಲ್ಲಿ ಸಲ್ಲುತ್ತದೆ, ಅದು ಮುಗಿಯಿತು. ಚಾಲನೆಯ ಪ್ರಶ್ನೆಗೆ ತೀರ್ಮಾನಿಸುವವರು ಕಾರ್ಯದರ್ಶಿ, ಅವರು ಸಿಗದಿದ್ದರೆ ಲೆಕ್ಕಿಗರು. ಆದ್ಯತೆಯ ಸಾಲಿನಲ್ಲಿ ನಿಖರತೆ ದಿನಾಂಕಕ್ಕಿಂತ ಮೇಲಿದೆ. ಕಲಮು ‘ಯಾವ ಕೌಂಟರ್’ ಎಂದು ಬಿಡಿಸಿ ಹೇಳಿರುವುದರಿಂದ ಎರಡನ್ನೂ ಒಟ್ಟಿಗೆ ಕಟ್ಟಬೇಕಾಗಿಲ್ಲ. ಐಸ್ ಕೌಂಟರ್ ಆಗಸ್ಟ್ 1ಕ್ಕೇ ಆರಂಭ. ಡೀಸೆಲ್ ಬಂಕಿನಲ್ಲಿ ತಾಳೆಯಾದ ಬೋಟುಗಳಿಗೆ ಆ್ಯಪ್, ಹನ್ನೊಂದು ಬೋಟುಗಳಿಗೆ ಪುಸ್ತಕ, ಮಾಲೀಕರು ಬಂದು ಬಾಕಿಯನ್ನು ನೋಡಿ ಸಹಿ ಹಾಕುವವರೆಗೆ.

ಇಷ್ಟರಲ್ಲಿ ಡೀಸೆಲ್ ಗುಮಾಸ್ತೆ ಎರಡು ಬೆರಳು ಎತ್ತುತ್ತಾರೆ. ಸಾಲಿನಲ್ಲಿ ನಿಂತ ಬೋಟು ಯಾವ ಪಟ್ಟಿಯದೆಂದು ಪ್ರತಿ ಸಲ ಹುಡುಕುತ್ತ ಕೂರಲು ಸಾಧ್ಯವಿಲ್ಲ. ಇದು ‘ಇಂಥ ಹಾನಿ’ ಎಂಬ ಬಗೆಯ ಆಕ್ಷೇಪ. ಆದ್ದರಿಂದ ತೀರ್ಮಾನ ತಿದ್ದಿಕೊಳ್ಳುತ್ತದೆ: ಆ ಹನ್ನೊಂದು ಬೋಟುಗಳು ತಾಳೆಯಾಗುವವರೆಗೆ ಡೀಸೆಲ್ ಬಂಕು ಪೂರ್ತಿ ಪುಸ್ತಕದಲ್ಲೇ. ಉದ್ದೇಶದ ವಾಕ್ಯದ ಒಂದು ಭಾಗ ಕೆಲವು ದಿನ ತಡವಾಗುತ್ತದೆ, ಅದನ್ನು ಬೇಕೆಂದೇ ಒಪ್ಪಿಕೊಂಡದ್ದು ಎಂದು ದಾಖಲಾಗುತ್ತದೆ.

ಕರಡಿನ ರಂಧ್ರವೂ ಇಲ್ಲೇ ಕಾಣುತ್ತದೆ. ಈ ಸುದ್ದಿಯನ್ನು ಬೋಟ್ ಮಾಲೀಕರಿಗೆ ಹೇಳುವವರು ಯಾರು? ಎಲ್ಲಿಯೂ ಬರೆದಿಲ್ಲ. ಪ್ರತಿನಿಧಿಯ ಕೋಪದ ಮೂಲ ಅದೇ ಆಗಿತ್ತು. ‘ಹೊರಗಿನವರಿಗೆ ಕೊಟ್ಟ ಮಾತು ಬದಲಾದರೆ ಕಾರ್ಯದರ್ಶಿಯ ಹೆಸರಿನಲ್ಲಿ, ಅದೇ ದಿನ, ಸಂಘದ ಫಲಕದಲ್ಲಿ ಮತ್ತು ಮಾಲೀಕರ ಗುಂಪಿನಲ್ಲಿ ತಿಳಿಸಬೇಕು. ಪ್ರತಿನಿಧಿಗೆ ಅದಕ್ಕೂ ಮೊದಲು ಫೋನ್’ ಎಂಬ ಕಲಮು ಸೇರುತ್ತದೆ.

ಇಂಥ ಎರಡು ಮೂರು ಪ್ರಸಂಗ ಸಾಕು. ಎಲ್ಲ ಪ್ರಸಂಗಕ್ಕೂ ಒಡಂಬಡಿಕೆಯಲ್ಲಿ ಥಟ್ಟನೆ ಉತ್ತರ ಸಿಕ್ಕಿದರೆ ಪ್ರಸಂಗ ಸುಲಭವಾಯಿತೆಂದು ತಿಳಿಯಿರಿ.

ಹಂತ 6: ಸಹಿ, ಪುಸ್ತಕ, ಮರುನೋಟ

ಎರಡು ಪುಟ, ಕನ್ನಡದಲ್ಲಿ, ಒಂಬತ್ತು ಸಹಿ. ಒಂದು ಪ್ರತಿ ಮಲ್ಪೆಯ ಕಚೇರಿಯ ಗೋಡೆಗೆ, ಇನ್ನೊಂದು ಎಲ್ಲರ ಮೊಬೈಲಿಗೆ. ಸಭೆಯಂದೇ ಕರಡು ಮುಗಿದರೂ ಸಹಿಯನ್ನು ಮರುದಿನಕ್ಕೆ ಇಡುವುದು ಒಳ್ಳೆಯದು, ರಾತ್ರಿ ಯೋಚಿಸಿದಾಗ ಯಾರಿಗಾದರೂ ಚುಚ್ಚುವ ಸಾಲು ಹೊಳೆಯುತ್ತದೆ.

ಜೊತೆಗೆ ಒಂದು ತೀರ್ಮಾನ ಪುಸ್ತಕ ಬೇಕು. ದಿನಾಂಕ, ಪ್ರಶ್ನೆ, ತೀರ್ಮಾನ, ತೀರ್ಮಾನಿಸಿದವರು, ಕಾರಣ ಎಂಬ ಐದು ಅಂಕಣ. ಹಂಚಿಕೊಂಡ ಗೂಗಲ್ ಶೀಟ್ ಆಗಬಹುದು, ಉದ್ದದ ರೂಲ್ ಪುಸ್ತಕವೂ ಆಗಬಹುದು. ಕಾರಣದ ಅಂಕಣವನ್ನು ಖಾಲಿ ಬಿಡಲು ಎಲ್ಲರಿಗೂ ಆಸೆ, ಬಿಡಬಾರದು. ಎರಡು ವಾರದ ಮೇಲೆ ಒಬ್ಬರು ಪ್ರಶ್ನೆ ಎತ್ತಿದಾಗ ಹೊಸ ಮಾಹಿತಿ ಬಂದಿದೆಯೋ ಇಲ್ಲವೋ ಎಂದು ತಿಳಿಯುವುದು ಅದರಿಂದಲೇ.

ಒಡಂಬಡಿಕೆ ಇದ್ದರೆ ಕೆಲಸದ ಯೋಜನೆ ಬೇಡ ಎಂದಲ್ಲ. ಜಾನ್ ಮ್ಯಾಥ್ಯೂ ಮತ್ತು ಟ್ಯಾಮಿ ರ‍್ಯಾಪ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವ್ಯವಹಾರದ ಅನುಕರಣ ಆಟವಾಡಿದ ಎಂಬಿಎ ವಿದ್ಯಾರ್ಥಿಗಳ ತಂಡಗಳಲ್ಲಿ, ಒಳ್ಳೆಯ ಒಡಂಬಡಿಕೆಯೂ ಒಳ್ಳೆಯ ಕಾರ್ಯತಂತ್ರವೂ ಎರಡೂ ಇದ್ದ ತಂಡಗಳೇ ಕೊನೆಯವರೆಗೆ ಚೆನ್ನಾಗಿ ನಿಂತವು. ವಾರವಾರದ ಕೆಲಸದ ಪಟ್ಟಿಯನ್ನು ಬೇರೆಯಾಗಿ ಮಾಡಲೇಬೇಕು, ಅದನ್ನು ಈ ಎರಡು ಪುಟಕ್ಕೆ ತುರುಕಬಾರದು.

ಮೊದಲ ಮರುನೋಟ ಎರಡು ವಾರಕ್ಕೆ. ಇಪ್ಪತ್ತು ನಿಮಿಷ ಸಾಕು. ಕೇಳಬೇಕಾದದ್ದು: ಯಾವ ಕಲಮನ್ನು ಬಳಸಿದೆವು, ಯಾವುದನ್ನು ಯಾರೂ ಮುಟ್ಟಲಿಲ್ಲ, ಯಾವ ತೀರ್ಮಾನ ಪುಸ್ತಕಕ್ಕೆ ಬಾರದೆ ಹಾಗೇ ಜಾರಿಯಾಯಿತು? ಮೂರನೆಯದರ ಉತ್ತರದಲ್ಲಿ ಕಾಯಿಲೆ ಗೊತ್ತಾಗುತ್ತದೆ. ಪುಸ್ತಕದಲ್ಲಿ ಎರಡು ವಾರಕ್ಕೆ ಒಂದೇ ನಮೂದು ಇದ್ದರೆ ತೀರ್ಮಾನಗಳು ಫೋನಿನಲ್ಲಿ ನಡೆಯುತ್ತಿವೆ. ಒಂದೇ ಪ್ರಶ್ನೆ ಮೂರು ಸಲ ಬಂದಿದ್ದರೆ ತೀರ್ಮಾನಿಸುವವರ ಹೆಸರು ತಪ್ಪಾಗಿದೆ, ಅಥವಾ ಕೇಳಬೇಕಾದ ಒಬ್ಬರನ್ನು ಕೇಳುತ್ತಿಲ್ಲ. ಎಲ್ಲ ನಮೂದುಗಳಲ್ಲೂ ಒಬ್ಬರದೇ ಹೆಸರಿದ್ದರೆ ಕಲಮುಗಳು ಕಾಗದದಲ್ಲಷ್ಟೇ ಇವೆ.

ಹೊಸಬರು ಬಂದಾಗ ಒಡಂಬಡಿಕೆಯನ್ನು ಅವರ ಕೈಗೆ ಕೊಟ್ಟು ಸಹಿ ಹಾಕಿಸಿದರೆ ಸಾಲದು. ಮೊದಲ ಹಂತದ ಮೂರು ಪ್ರಶ್ನೆಗಳನ್ನು ಅವರಿಗೂ ಕೇಳಿ, ಉತ್ತರಕ್ಕೆ ತಕ್ಕ ಕಲಮು ಇಲ್ಲವೆಂದರೆ ಮುಂದಿನ ಮರುನೋಟದಲ್ಲಿ ಸೇರಿಸಿ.

ಒಡಂಬಡಿಕೆಗೆ ಮುಕ್ತಾಯದ ದಿನಾಂಕವೂ ಇರಬೇಕು. ನಮ್ಮ ತಂಡಕ್ಕೆ ಆಗಸ್ಟ್ 31. ಆ ಹೊತ್ತಿಗೆ ಬೋಟುಗಳು ಕಡಲಲ್ಲಿರುತ್ತವೆ, ಮಂಗಳೂರಿನವರು ಬೇರೆ ಕೆಲಸ ಹಿಡಿದಿರುತ್ತಾರೆ, ಕೌಂಟರಿನಲ್ಲಿ ತೊಂದರೆ ಮಾತ್ರ ಬರುತ್ತಲೇ ಇರುತ್ತದೆ. ಆದ್ದರಿಂದ ಕೊನೆಯ ಕಲಮಿನಲ್ಲಿ ಮೂರು ವಿಷಯ ಬರೆಯಿರಿ: ಸೆಪ್ಟೆಂಬರ್ 1ರಿಂದ ಗುಮಾಸ್ತರ ಕರೆಗೆ ಉತ್ತರಿಸುವವರು ಯಾರು, ತೀರ್ಮಾನ ಪುಸ್ತಕ ಯಾರ ಬಳಿ ಇರುತ್ತದೆ, ಹರಾಜಿನ ಲೆಕ್ಕವೂ ಬೇಕೆಂದು ಮಾಲೀಕರು ಮತ್ತೆ ಕೇಳಿದರೆ ಆ ಮನವಿಯನ್ನು ಯಾರಿಗೆ ಕೊಡಬೇಕು.